ಪದಗಳ ನೆರೆಹೊರೆಯ ಲೆಕ್ಕ

ಕನ್ನಡ ದಿನಪತ್ರಿಕೆಗಳ ಹಲವು ವರ್ಷಗಳ ಸುದ್ದಿಯನ್ನು ವರ್ಡ್‌ಟುವೆಕ್ ಎಂಬ ಪ್ರೋಗ್ರಾಮಿಗೆ ಓದಿಸಿ, ‘ಏರಿಕೆ’ ಎಂಬ ಪದಕ್ಕೆ ತೀರ ಹತ್ತಿರವಿರುವ ಪದಗಳು ಯಾವುವು ಎಂದು ಕೇಳಿದಿರಿ ಎನ್ನಿ. ‘ಹೆಚ್ಚಳ’ ಬಂದೀತು. ಅದರ ಜೊತೆಗೇ, ಪಟ್ಟಿಯ ಮೇಲ್ಭಾಗದಲ್ಲಿಯೇ, ‘ಇಳಿಕೆ’ಯೂ ಬಂದು ಕೂರುವ ಸಂಭವ ಬಹಳ. ಮೊದಲ ಸಲ ನೋಡಿದವರಿಗೆ ಪ್ರೋಗ್ರಾಮು ಎಲ್ಲೋ ಕೆಟ್ಟಿದೆ ಅನ್ನಿಸುತ್ತದೆ. ಕೆಟ್ಟಿರುವುದಿಲ್ಲ. ತನಗೆ ಕೊಟ್ಟ ಕೆಲಸವನ್ನು ಅದು ಚೊಕ್ಕವಾಗಿ ಮಾಡಿದೆ. ಆ ಕೆಲಸ ಏನೆಂಬುದನ್ನು ನಾವು ಸರಿಯಾಗಿ ತಿಳಿದುಕೊಂಡಿಲ್ಲ, ಅಷ್ಟೇ.

ಪದವೊಂದನ್ನು ಸಂಖ್ಯೆಗಳ ಸಾಲಾಗಿ ಬರೆಯುವುದು ಈ ವಿದ್ಯೆಯ ತಿರುಳು. ಒಂದು ಪದಕ್ಕೆ 100 ಅಥವಾ 300 ಸಂಖ್ಯೆಗಳು. ಈ ಸಾಲನ್ನು ವೆಕ್ಟರ್ ಎನ್ನುತ್ತಾರೆ. ಅದನ್ನು ಅಷ್ಟೇ ಆಯಾಮಗಳ ಒಂದು ಬಯಲಿನಲ್ಲಿ ಆ ಪದ ನಿಂತ ಜಾಗ ಎಂದು ಭಾವಿಸಬಹುದು. 2013ರಲ್ಲಿ ಗೂಗಲ್‌ನಲ್ಲಿದ್ದ ತೊಮಾಶ್ ಮಿಕೊಲೊವ್ ಮತ್ತು ಸಂಗಡಿಗರು ಇಂಥ ವೆಕ್ಟರ್‌ಗಳನ್ನು ಅಪಾರ ಪಠ್ಯದಿಂದ ಬಹಳ ಬೇಗ ಕಲಿಯುವ ವಿಧಾನಗಳನ್ನು ಪ್ರಕಟಿಸಿದರು. ಅವರು ಬಿಡುಗಡೆ ಮಾಡಿದ ಪ್ರಸಿದ್ಧ ಸಂಗ್ರಹ ಗೂಗಲ್ ನ್ಯೂಸ್‌ನ ಸುಮಾರು 10,000 ಕೋಟಿ ಇಂಗ್ಲಿಷ್ ಪದಗಳನ್ನು ಓದಿ ತಯಾರಾದದ್ದು. ಅದರಲ್ಲಿ 30 ಲಕ್ಷ ಪದ ಮತ್ತು ಪದಗುಚ್ಛಗಳಿವೆ, ಒಂದೊಂದಕ್ಕೂ 300 ಸಂಖ್ಯೆಗಳು. ಇಂದಿನ ದೊಡ್ಡ ಭಾಷಾ ಮಾದರಿಗಳ ಮುಂದೆ ಇದು ಹಳೆಯ ಮಾತು. ಆದರೂ ಸಂಖ್ಯೆಗಳೊಳಗೆ ಭಾಷೆ ಹೇಗೆ ಇಳಿಯುತ್ತದೆ ಎಂಬುದನ್ನು ಕಾಗದ ಪೆನ್ಸಿಲ್ ಹಿಡಿದು ಪೂರ್ತಿ ನೋಡಬಹುದಾದ ಜಾಗ ನನ್ನ ಮಟ್ಟಿಗೆ ಇದೇ. ಹಾಗಾಗಿ ನಿಧಾನವಾಗಿ ನೋಡೋಣ.

ವಿಧಾನದ ಹೆಸರು ‘ನೆಗೆಟಿವ್ ಸ್ಯಾಂಪ್ಲಿಂಗ್ ಸಹಿತ ಸ್ಕಿಪ್-ಗ್ರಾಮ್’. ಹೆಸರು ದೊಡ್ಡದು, ಕೆಲಸ ಸಣ್ಣದು. ‘ಅಮ್ಮ ಬಿಸಿ ಅನ್ನಕ್ಕೆ ತುಪ್ಪ ಹಾಕಿದಳು’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ‘ತುಪ್ಪ’ದ ಮೇಲೆ ಬೆರಳಿಟ್ಟು ಎಡಕ್ಕೆ ಎರಡು, ಬಲಕ್ಕೆ ಎರಡು ಪದ ನೋಡಿದರೆ ‘ಬಿಸಿ’, ‘ಅನ್ನಕ್ಕೆ’, ‘ಹಾಕಿದಳು’ ಸಿಗುತ್ತವೆ. ಹೀಗೆ ‘ತುಪ್ಪ–ಬಿಸಿ’, ‘ತುಪ್ಪ–ಅನ್ನಕ್ಕೆ’, ‘ತುಪ್ಪ–ಹಾಕಿದಳು’ ಎಂಬ ಮೂರು ಜೋಡಿಗಳಾದವು. ಇವು ಪಠ್ಯದಲ್ಲಿ ನಿಜವಾಗಿ ಕಂಡ ಜೋಡಿಗಳು. ಪ್ರತಿ ನಿಜ ಜೋಡಿಗೂ ಎದುರಾಗಿ ಪ್ರೋಗ್ರಾಮು ಕೆಲವು ಸುಳ್ಳು ಜೋಡಿಗಳನ್ನು ತಾನೇ ಹುಟ್ಟಿಸುತ್ತದೆ: ಪದಪಟ್ಟಿಯಿಂದ ಚೀಟಿ ಎತ್ತಿದಂತೆ ಯಾವುದೋ ಪದ ತೆಗೆದು ‘ತುಪ್ಪ–ರೈಲು’, ‘ತುಪ್ಪ–ಶಾಸಕ’ ಎಂದು ಜೋಡಿಸುತ್ತದೆ. ಒಂದು ನಿಜಕ್ಕೆ ಎಷ್ಟು ಸುಳ್ಳು ಎಂಬುದನ್ನು ನಾವೇ ಗೊತ್ತುಮಾಡಬೇಕು. ಪಠ್ಯ ಕಡಿಮೆಯಿದ್ದರೆ 5ರಿಂದ 20, ಬಹಳವಿದ್ದರೆ 2ರಿಂದ 5 ಸಾಕು ಎಂದು ಮಿಕೊಲೊವ್ ತಂಡ ಹೇಳಿತ್ತು. ಇನ್ನು ಯಂತ್ರದ ಮುಂದಿರುವ ಪ್ರಶ್ನೆ ಒಂದೇ: ಈ ಜೋಡಿ ಪಠ್ಯದಿಂದ ಬಂದದ್ದೋ, ಚೀಟಿಯಿಂದ ಬಂದದ್ದೋ?

ಉತ್ತರಕ್ಕೆ ಬೇಕಾದ ಸಾಮಗ್ರಿ ಎರಡು ಕಡತಗಳಲ್ಲಿರುತ್ತದೆ. ಪ್ರತಿ ಪದಕ್ಕೂ ಎರಡೆರಡು ವೆಕ್ಟರ್: ತಾನು ನಡುವೆ ನಿಂತಾಗ ಒಂದು, ಇನ್ನೊಂದು ಪದದ ನೆರೆಯಲ್ಲಿ ನಿಂತಾಗ ಮತ್ತೊಂದು. ಮೊದಲನೆಯದನ್ನು ಪದವೆಕ್ಟರ್ ಎಂದೂ ಎರಡನೆಯದನ್ನು ನೆರೆವೆಕ್ಟರ್ ಎಂದೂ ಕರೆಯುತ್ತೇನೆ. ‘ತುಪ್ಪ’ದ ಪದವೆಕ್ಟರನ್ನು ‘ಅನ್ನಕ್ಕೆ’ಯ ನೆರೆವೆಕ್ಟರ್ ಜೊತೆ ಸ್ಥಾನಕ್ಕೆ ಸ್ಥಾನ ಗುಣಿಸಿ ಕೂಡಿದರೆ ಒಂದು ಸಂಖ್ಯೆ ಬರುತ್ತದೆ. ಅದು ಸೊನ್ನೆಯಾದರೆ ‘ಹೇಳಲಾರೆ, ಅರ್ಧಕ್ಕರ್ಧ’ ಎಂದರ್ಥ. ಧನವಾಗಿ ಬೆಳೆದಷ್ಟೂ ‘ನಿಜ ಜೋಡಿ’, ಋಣವಾದಷ್ಟೂ ‘ಸುಳ್ಳು ಜೋಡಿ’.

ಒಂದು ಹೆಜ್ಜೆಯನ್ನು ಕೈಯಾರೆ ಹಾಕಿ ನೋಡೋಣ. ಬರೆಯಲು ಸುಲಭವಾಗಲಿ ಎಂದು ಎರಡೇ ಆಯಾಮ ಇಟ್ಟುಕೊಳ್ಳುತ್ತೇನೆ. ಮೂಲ ಪ್ರೋಗ್ರಾಮಿನಲ್ಲಿ ಪದವೆಕ್ಟರ್‌ಗಳು ಯಾದೃಚ್ಛಿಕವಾದ ಸಣ್ಣ ಸಂಖ್ಯೆಗಳಿಂದ, ನೆರೆವೆಕ್ಟರ್‌ಗಳು ಸೊನ್ನೆಯಿಂದ ಆರಂಭವಾಗುತ್ತವೆ. ‘ತುಪ್ಪ’ (0.2, −0.1) ಇರಲಿ, ‘ಅನ್ನಕ್ಕೆ’ ಮತ್ತು ‘ರೈಲು’ ಎರಡರ ನೆರೆವೆಕ್ಟರೂ (0, 0). ಗುಣಿಸಿದರೆ ಸೊನ್ನೆ, ಅಂದರೆ ಊಹೆ 0.5. ‘ತುಪ್ಪ–ಅನ್ನಕ್ಕೆ’ ನಿಜ ಜೋಡಿಯಾದ್ದರಿಂದ ಉತ್ತರ 1 ಆಗಬೇಕಿತ್ತು, 0.5 ಕೊರತೆ. ಕಲಿಕೆಯ ದರ ಆರಂಭದಲ್ಲಿ 0.025. ಎರಡನ್ನೂ ಗುಣಿಸಿದರೆ 0.0125. ‘ತುಪ್ಪ’ದ ವೆಕ್ಟರಿನ ಅಷ್ಟು ಪಾಲು ‘ಅನ್ನಕ್ಕೆ’ಗೆ ಸೇರುತ್ತದೆ, ಅದೀಗ (0.0025, −0.00125). ‘ರೈಲು’ ಸುಳ್ಳು ಜೋಡಿ, ಹಾಗಾಗಿ ಅಷ್ಟೇ ಪಾಲು ಕಳೆಯಲಾಗುತ್ತದೆ, ಅದು (−0.0025, 0.00125). ಮುಂದಿನ ಸಲ ‘ತುಪ್ಪ’ ‘ಅನ್ನಕ್ಕೆ’ಯನ್ನು ಎದುರುಗೊಂಡಾಗ ಗುಣಲಬ್ಧ ಸೊನ್ನೆಯಲ್ಲ, 0.000625. ಕೂದಲೆಳೆಯಷ್ಟು ಧನ. ಆಗಿನಿಂದ ‘ತುಪ್ಪ’ದ ವೆಕ್ಟರೂ ‘ಅನ್ನಕ್ಕೆ’ಯ ಕಡೆ ಸರಿಯತೊಡಗುತ್ತದೆ. ಕೋಟಿಗಟ್ಟಲೆ ಬಾರಿ ಇದೇ ಎಳೆತ, ಇದೇ ನೂಕುವಿಕೆ. ನಿಘಂಟಿಲ್ಲ, ವ್ಯಾಕರಣವಿಲ್ಲ, ತುಪ್ಪ ಎಂದರೇನು ಎಂದು ಯಾರೂ ಹೇಳಿಕೊಡುವುದಿಲ್ಲ.

ಈ ಎಳೆದಾಟ ಎಲ್ಲಿಗೆ ಬಂದು ನಿಲ್ಲುತ್ತದೆ? 2014ರಲ್ಲಿ ಓಮರ್ ಲೆವಿ ಮತ್ತು ಯೋವ್ ಗೋಲ್ಡ್‌ಬರ್ಗ್ ಇದಕ್ಕೆ ಸೊಗಸಾದ ಉತ್ತರ ಕೊಟ್ಟರು. ಅದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ಹಿಡಿಯಬಹುದು. ಪಠ್ಯದಲ್ಲಿ ಒಟ್ಟು 10 ಲಕ್ಷ ಜೋಡಿಗಳಿವೆ. ‘ತುಪ್ಪ’ ನಡುವಿರುವುದು 1,000ದಲ್ಲಿ, ‘ಅನ್ನಕ್ಕೆ’ ನೆರೆಯಾಗಿರುವುದು 2,000ದಲ್ಲಿ. ಪದಗಳಿಗೆ ಒಂದರ ಮೇಲೊಂದು ಒಲವಿಲ್ಲದೆ ಸುಮ್ಮನೆ ಬೆರೆತಿದ್ದರೆ ಇವೆರಡೂ ಜೊತೆಯಾಗುವುದು 2 ಸಲ. ನಿಜವಾಗಿ ಜೊತೆಯಾಗಿರುವುದು 40 ಸಲ ಎನ್ನಿ. ಆಕಸ್ಮಿಕಕ್ಕಿಂತ 20 ಪಟ್ಟು ಹೆಚ್ಚು. ಈಗ ಒಂದು ನಿಜಕ್ಕೆ 5 ಸುಳ್ಳು ಎಂದಿಟ್ಟುಕೊಂಡರೆ, ‘ತುಪ್ಪ’ದ 1,000 ನಿಜ ಜೋಡಿಗಳಿಗೆ 5,000 ಸುಳ್ಳು ಜೋಡಿಗಳು; ಅವುಗಳಲ್ಲಿ ಚೀಟಿಯ ಲೆಕ್ಕದಂತೆ 10 ಸಲ ‘ಅನ್ನಕ್ಕೆ’ಯೇ ಬಂದಿರುತ್ತದೆ. ಅಂದರೆ ಯಂತ್ರದ ಕಣ್ಣಿಗೆ ಬಿದ್ದ ಒಟ್ಟು 50 ‘ತುಪ್ಪ–ಅನ್ನಕ್ಕೆ’ ಜೋಡಿಗಳಲ್ಲಿ 40 ನಿಜ, 10 ಸುಳ್ಳು. ಅದು ಕೊಡಬಹುದಾದ ಅತ್ಯುತ್ತಮ ಊಹೆ 0.8. ಆ ಊಹೆ ಬರಬೇಕಾದರೆ ಎರಡು ವೆಕ್ಟರ್‌ಗಳ ಗುಣಲಬ್ಧ ನಾಲ್ಕರ ಲಾಗರಿದಮ್, ಸುಮಾರು 1.39, ಆಗಿರಬೇಕು. ಈ 1.39 ಎಂದರೆ 20ರ ಲಾಗರಿದಮ್‌ನಲ್ಲಿ 5ರ ಲಾಗರಿದಮ್ ಕಳೆದದ್ದು. ಸಾಮಾನ್ಯವಾಗಿ ಹೇಳುವುದಾದರೆ:

```
w · c = log( P(w,c) / (P(w) P(c)) ) − log k
```

ಬಲಗಡೆಯ ಮೊದಲ ಭಾಗ, ಅಂದರೆ ‘ಆಕಸ್ಮಿಕಕ್ಕಿಂತ ಎಷ್ಟು ಪಟ್ಟು ಹೆಚ್ಚು ಜೊತೆಯಾಗಿವೆ’ ಎಂಬುದರ ಲಾಗರಿದಮ್, ಭಾಷಾ ಗಣಕಶಾಸ್ತ್ರದವರಿಗೆ ದಶಕಗಳಿಂದ ಗೊತ್ತಿದ್ದ ಅಳತೆಯೇ. `k` ಎಂಬುದು ಸುಳ್ಳು ಜೋಡಿಗಳ ಸಂಖ್ಯೆ. ನಿಜ ಪ್ರೋಗ್ರಾಮು ಚೀಟಿ ಎತ್ತುವಾಗ ಪದಗಳ ಎಣಿಕೆಯನ್ನು ನೇರವಾಗಿ ಬಳಸುವುದಿಲ್ಲ, ಮುಕ್ಕಾಲು ಘಾತಕ್ಕೆ ಏರಿಸಿ ಬಳಸುತ್ತದೆ. ಇದರಿಂದ ಇನ್ನೊಂದಕ್ಕಿಂತ 10,000 ಪಟ್ಟು ಹೆಚ್ಚು ಬರುವ ಪದ ಚೀಟಿಯಲ್ಲಿ 1,000 ಪಟ್ಟು ಮಾತ್ರ ಹೆಚ್ಚು ಬರುತ್ತದೆ. ಆಗ ಸೂತ್ರ ತುಸು ಬದಲಾಗುತ್ತದೆ, ಸಾರ ಬದಲಾಗುವುದಿಲ್ಲ. ಮೇಲಿನ ಸಮೀಕರಣ ಕರಾರುವಾಕ್ಕಾಗಿ ನಿಲ್ಲಲು ಆಯಾಮಗಳು ಬೇಕಾದಷ್ಟು ಇರಬೇಕು. 300 ಆಯಾಮದಲ್ಲಿ ಲಕ್ಷಾಂತರ ಪದಗಳ ಸಂಬಂಧ ಹಾಗೇ ಹಿಡಿಸದು. ಆದ್ದರಿಂದ ಯಂತ್ರ ಒತ್ತಿ ತುಂಬಬೇಕಾಗುತ್ತದೆ, ಮತ್ತು ಒತ್ತುವಾಗ ಒಂದೇ ಬಗೆಯ ನೆರೆಯುಳ್ಳ ಪದಗಳು ಒಂದೇ ಕಡೆ ಸೇರುತ್ತವೆ. ‘ತುಪ್ಪ’ ಮತ್ತು ‘ಬೆಣ್ಣೆ’ ಒಂದೇ ವಾಕ್ಯದಲ್ಲಿ ಒಮ್ಮೆಯೂ ಕಾಣಿಸಿಕೊಳ್ಳದಿದ್ದರೂ ‘ರೊಟ್ಟಿ’, ‘ಕಾಯಿಸಿ’, ‘ಹಾಕಿ’, ‘ಸವರಿ’ ಇವುಗಳ ನೆರೆವೆಕ್ಟರ್‌ಗಳು ಎರಡನ್ನೂ ಒಂದೇ ದಿಕ್ಕಿಗೆ ಎಳೆದಿರುತ್ತವೆ. ಇವರ ಹತ್ತಿರ ಎಂಬ ಮಾತಿನ ಪೂರ್ತಿ ಅರ್ಥ ಇಷ್ಟೇ.

ಈಗ ‘ಏರಿಕೆ’ ‘ಇಳಿಕೆ’ಗಳ ನೆಂಟಸ್ತಿಕೆ ಸಲೀಸಾಗಿ ತಿಳಿಯುತ್ತದೆ. ‘ಪೆಟ್ರೋಲ್ ಬೆಲೆ ಲೀಟರಿಗೆ ಎರಡು ರೂಪಾಯಿ’ ಎಂದ ಮೇಲೆ ಎರಡರಲ್ಲಿ ಯಾವುದೂ ಬರಬಹುದು. ನೀರಿನ ಮಟ್ಟ, ತಾಪಮಾನ, ಷೇರು ಸೂಚ್ಯಂಕ, ಸೋಂಕಿತರ ಸಂಖ್ಯೆ ಎಲ್ಲದರ ಪಕ್ಕದಲ್ಲೂ ಇಬ್ಬರಿಗೂ ಜಾಗವಿದೆ. ವಿರುದ್ಧಪದಗಳೆಂದರೆ ಒಂದೇ ಒಂದು ಅಂಶ ಬಿಟ್ಟು ಉಳಿದೆಲ್ಲ ಅಂಶಗಳಲ್ಲಿ ಹೊಂದುವ ಪದಗಳು; ಉಳಿದೆಲ್ಲ ಅಂಶಗಳು ನೆರೆಯಲ್ಲಿ ಕಾಣುತ್ತವೆ, ಆ ಒಂದು ಕಾಣುವುದಿಲ್ಲ. ಗ್ರಾಹಕರ ಅಭಿಪ್ರಾಯಗಳನ್ನು ‘ಒಳ್ಳೆಯ’, ‘ಕೆಟ್ಟ’ ಎಂದು ವಿಂಗಡಿಸಲು ಬರಿಯ ಈ ಹತ್ತಿರವನ್ನೇ ನೆಚ್ಚಿದವರು ಎಡವುವುದು ಇಲ್ಲಿಯೇ. ಹೊಗಳಿಕೆಯೂ ತೆಗಳಿಕೆಯೂ ಒಂದೇ ಮೂಲೆಗೆ ಬಂದು ಬೀಳುತ್ತವೆ.

ನೆರೆ ಎಂದರೆ ಯಾವುದು ಎಂಬುದನ್ನು ನಿರ್ಧರಿಸುವವರು ನಾವೇ ಎಂಬುದೂ ಗಮನಿಸಬೇಕಾದ ಮಾತು. ಲೆವಿ ಮತ್ತು ಗೋಲ್ಡ್‌ಬರ್ಗ್ ಮಾಡಿದ ಇನ್ನೊಂದು ಪ್ರಯೋಗ ಇದಕ್ಕೆ ನನಗೆ ಅಚ್ಚುಮೆಚ್ಚಿನ ನಿದರ್ಶನ. ಹ್ಯಾರಿ ಪಾಟರ್ ಕತೆಗಳ ಶಾಲೆ ‘ಹಾಗ್ವರ್ಟ್ಸ್’ ಹೆಸರಿಗೆ ಹತ್ತಿರದ ಪದ ಯಾವುದೆಂದು ಅವರು ನೋಡಿದರು. ಅಕ್ಕಪಕ್ಕದ ಐದೈದು ಪದಗಳನ್ನು ನೆರೆ ಎಂದುಕೊಂಡಾಗ ‘ಡಂಬಲ್‌ಡೋರ್’, ‘ಮಾಲ್‌ಫಾಯ್’, ‘ಸ್ನೇಪ್’ ಬಂದವು, ಅಂದರೆ ಅದೇ ಕತೆಯ ಪಾತ್ರಗಳು. ವಾಕ್ಯದಲ್ಲಿ ವ್ಯಾಕರಣದಿಂದ ಬೆಸೆದುಕೊಂಡ ಪದಗಳನ್ನು ಮಾತ್ರ ನೆರೆ ಎಂದಾಗ ‘ಸನ್ನಿಡೇಲ್’ನಂಥ ಹೆಸರುಗಳು ಬಂದವು, ಅಂದರೆ ಬೇರೆ ಶಾಲೆಗಳು. ಪಠ್ಯ ಒಂದೇ, ಲೆಕ್ಕ ಒಂದೇ. ಕಿಟಕಿ ಬದಲಾದೊಡನೆ ‘ಹತ್ತಿರ’ದ ಅರ್ಥವೇ ಬದಲಾಯಿತು. ಸಾಮಾನ್ಯವಾಗಿ ಕಿಟಕಿ ದೊಡ್ಡದಾದರೆ ಒಂದೇ ವಿಷಯದ ಪದಗಳು, ಚಿಕ್ಕದಾದರೆ ಒಂದರ ಜಾಗದಲ್ಲಿ ಇನ್ನೊಂದು ಕೂರಬಲ್ಲ ಪದಗಳು ಹತ್ತಿರ ಬರುತ್ತವೆ.

ಇನ್ನು ಈ ವಿದ್ಯೆಗೆ ಜಗತ್ತಿನಾದ್ಯಂತ ಹೆಸರು ತಂದ ಸಮೀಕರಣಕ್ಕೆ ಬರೋಣ. ‘ಕಿಂಗ್’ ವೆಕ್ಟರಿನಿಂದ ‘ಮ್ಯಾನ್’ ಕಳೆದು ‘ವುಮನ್’ ಕೂಡಿಸಿದರೆ ‘ಕ್ವೀನ್’ ಸಿಗುತ್ತದೆ ಎಂಬುದು. ಇದು ಬರಿ ಪವಾಡವಲ್ಲ. ಮೇಲಿನ ಸೂತ್ರದಿಂದಲೇ ಇದರ ಕಾರಣ ಕಾಣುತ್ತದೆ. ವೆಕ್ಟರ್‌ಗಳು ಲಾಗರಿದಮ್‌ಗಳನ್ನು ಹೊತ್ತಿವೆ, ಲಾಗರಿದಮ್‌ಗಳನ್ನು ಕಳೆಯುವುದೆಂದರೆ ಅನುಪಾತ ತೆಗೆಯುವುದು. ‘ಮ್ಯಾನ್’ಗೂ ‘ವುಮನ್’ಗೂ ನಡುವಿನ ವ್ಯತ್ಯಾಸ ಎಂದರೆ, ಪ್ರತಿಯೊಂದು ನೆರೆಪದವೂ ಒಬ್ಬರ ಪಕ್ಕಕ್ಕಿಂತ ಇನ್ನೊಬ್ಬರ ಪಕ್ಕದಲ್ಲಿ ಎಷ್ಟು ಪಟ್ಟು ಹೆಚ್ಚು ಕಾಣಿಸುತ್ತದೆ ಎಂಬುದು. ‘ಹಿಸ್’, ‘ಹರ್’, ‘ಪ್ರೆಗ್ನೆಂಟ್’ ಮುಂತಾದ ನೆರೆಪದಗಳಲ್ಲಿ ಆ ಅನುಪಾತ ರಾಜ–ರಾಣಿಯರ ಜೋಡಿಯಲ್ಲೂ ಸುಮಾರಾಗಿ ಹಾಗೆಯೇ ಇದ್ದರೆ, ಎರಡು ವ್ಯತ್ಯಾಸಗಳೂ ಸುಮಾರು ಸಮಾನಾಂತರವಾಗುತ್ತವೆ. ಒಂದು ಸಂಬಂಧ ಪಠ್ಯದಲ್ಲಿ ಸ್ಥಿರವಾದ ನೆರೆಪದಗಳಾಗಿ ಗುರುತು ಬಿಡುವಷ್ಟರ ಮಟ್ಟಿಗೆ ಈ ರೇಖಾಗಣಿತ ನಿಜ.

ಆದರೆ ಆ ಉತ್ತರ ಹೊರಬೀಳುವ ಬಗೆಯಲ್ಲಿ ಒಂದು ಸಂಗತಿ ಮುಚ್ಚಿಹೋಗಿತ್ತು. ಲೆಕ್ಕ ಮಾಡಿ ಬಂದ ಬಿಂದುವಿಗೆ ಹತ್ತಿರದ ಪದ ಹುಡುಕುವಾಗ ಪ್ರೋಗ್ರಾಮುಗಳು ಪ್ರಶ್ನೆಯಲ್ಲಿ ಬಳಸಿದ ಮೂರೂ ಪದಗಳನ್ನು ಉತ್ತರದ ಸಾಲಿನಿಂದ ತೆಗೆದುಬಿಡುತ್ತವೆ. ತೆಗೆಯದೆ ಬಿಟ್ಟರೆ ಗೂಗಲ್ ನ್ಯೂಸ್ ವೆಕ್ಟರ್‌ಗಳಲ್ಲಿ ಮೊದಲು ಬರುವುದು ‘ಕಿಂಗ್’ ಪದವೇ, ‘ಕ್ವೀನ್’ ಎರಡನೆಯದು. ‘ಮ್ಯಾನ್’ ಮತ್ತು ‘ವುಮನ್’ ಒಂದಕ್ಕೊಂದು ಅಷ್ಟು ಹತ್ತಿರವಾದ್ದರಿಂದ ಅವುಗಳ ವ್ಯತ್ಯಾಸ ಸಣ್ಣದು. ಅದನ್ನು ಕೂಡಿಸಿದರೆ ‘ಕಿಂಗ್’ ನಿಂತಲ್ಲಿಂದ ಹೆಚ್ಚು ಕದಲುವುದಿಲ್ಲ. ಆಮೇಲೆ ‘ಕಿಂಗ್’ ಉತ್ತರವಾಗಕೂಡದು ಎಂದು ನಿಷೇಧಿಸಿದರೆ ಅದರ ನೆರೆಮನೆಯವರಲ್ಲಿ ಒಬ್ಬರು ಸಿಗುತ್ತಾರೆ. 2016ರಲ್ಲಿ ತಾಲ್ ಲಿನ್ಜೆನ್ ಇದನ್ನು ಪರೀಕ್ಷಿಸಿ, ಇಂಥ ಅಂಕಗಳಲ್ಲಿ ಎಷ್ಟು ಪಾಲು ಬರಿಯ ನೆರೆತನದಿಂದ, ಎಷ್ಟು ಪಾಲು ನಿಜವಾದ ಸಮಾನಾಂತರದಿಂದ ಬಂದಿದೆ ಎಂದು ಬೇರ್ಪಡಿಸಿ ನೋಡಬೇಕೆಂದು ತೋರಿಸಿದರು. ಪರೀಕ್ಷೆ ಸರಳ: ನಿಷೇಧ ತೆಗೆದು ನೋಡಿ, ‘ಮ್ಯಾನ್’ ‘ವುಮನ್’ ಎರಡನ್ನೂ ಬಿಟ್ಟು ‘ಕಿಂಗ್’ಗೆ ಹತ್ತಿರದ ಪದವನ್ನಷ್ಟೇ ಕೇಳಿ ನೋಡಿ. ಆಗಲೂ ಅದೇ ಉತ್ತರ ಬಂದರೆ ಕೂಡಿಸಿ ಕಳೆದದ್ದರಿಂದ ಏನೂ ಸಾಬೀತಾಗಲಿಲ್ಲ.

ಮೂಲ ಪ್ರಶ್ನಾವಳಿಯಲ್ಲೂ ಒಂದು ಓರೆಯಿತ್ತು. ಅದರಲ್ಲಿದ್ದ 19,544 ಪ್ರಶ್ನೆಗಳಲ್ಲಿ 8,869 ಅರ್ಥಕ್ಕೆ ಸಂಬಂಧಿಸಿದವು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ದೇಶ ಮತ್ತು ರಾಜಧಾನಿಗಳನ್ನು ಕುರಿತವು. ರಾಜ–ರಾಣಿ, ಅಣ್ಣ–ತಂಗಿಯಂಥ ಬಂಧುತ್ವದ ಪ್ರಶ್ನೆಗಳು ಬರೀ 506. ಸುದ್ದಿ ಬರಹದಲ್ಲಿ ರಾಜಧಾನಿಯ ಹೆಸರು ದೇಶದ ಹೆಸರಿನ ಬೆನ್ನಿಗೇ ಬರುವುದರಿಂದ ಅಂಥ ಪ್ರಶ್ನೆಗಳಲ್ಲಿ ಅಂಕ ಗಳಿಸುವುದು ಸುಲಭ. ಅವಯವ ಮತ್ತು ಅವಯವಿ, ಜಾತಿ ಮತ್ತು ಉಪಜಾತಿ ಇಂಥ ಸಂಬಂಧಗಳನ್ನು ಕೇಳಿದ ಮುಂದಿನ ಪರೀಕ್ಷೆಗಳಲ್ಲಿ ಅಂಕ ನೆಲಕಚ್ಚಿತು.

ಈ ನಿಷೇಧದ ವಿಷಯ ಕೇವಲ ತಾಂತ್ರಿಕವಲ್ಲ. ‘ಗಂಡಸಿಗೆ ಡಾಕ್ಟರ್ ಆದರೆ ಹೆಂಗಸಿಗೆ ಏನು’ ಎಂದು ಕೇಳಿದಾಗ ವೆಕ್ಟರ್‌ಗಳು ‘ನರ್ಸ್’ ಎಂದವು ಎಂಬ ಸುದ್ದಿ ಬಹಳ ಓಡಾಡಿತು. ‘ಡಾಕ್ಟರ್’ ಎಂಬ ಉತ್ತರವನ್ನು ಹೇಳದಂತೆ ಪ್ರೋಗ್ರಾಮಿಗೆ ಮೊದಲೇ ಕಟ್ಟು ಹಾಕಲಾಗಿತ್ತು ಎಂಬುದು ಆ ಸುದ್ದಿಯ ಜೊತೆ ಓಡಾಡಲಿಲ್ಲ. ಕಟ್ಟು ಬಿಚ್ಚಿದರೆ ಉತ್ತರ ‘ಡಾಕ್ಟರ್’ ಎಂದೇ ಬರುತ್ತದೆ ಎಂದು 2020ರಲ್ಲಿ ಮಾಲ್ವಿನಾ ನಿಸಿಮ್ ಮತ್ತು ಸಂಗಡಿಗರು ತೋರಿಸಿದರು. ಹಾಗೆಂದು ವೆಕ್ಟರ್‌ಗಳಲ್ಲಿ ಪೂರ್ವಗ್ರಹವೇ ಇಲ್ಲ ಎನ್ನುವಂತಿಲ್ಲ. ಕೂಡು ಕಳೆಯ ಆಟವಿಲ್ಲದೆ, ವೃತ್ತಿಪದಗಳು ಹೆಣ್ಣಿನ ಪದಗಳಿಗೆ ಎಷ್ಟು ಹತ್ತಿರ, ಗಂಡಿನ ಪದಗಳಿಗೆ ಎಷ್ಟು ಹತ್ತಿರ ಎಂದು ನೇರವಾಗಿ ಅಳೆದಾಗಲೂ ಅದು ಕಾಣುತ್ತದೆ. 2017ರಲ್ಲಿ ಐಲಿನ್ ಕಾಲಿಸ್ಕನ್ ಮತ್ತು ಸಂಗಡಿಗರ ಕೆಲಸ ಅದನ್ನು ಸ್ಪಷ್ಟವಾಗಿ ತೋರಿಸಿತ್ತು. ಪತ್ರಿಕೆಗಳು ನರ್ಸ್ ಎಂಬ ಪದದ ಸುತ್ತ ಹೆಣ್ಣಿನ ಸರ್ವನಾಮಗಳನ್ನೇ ಬರೆಯುತ್ತಿದ್ದರೆ ಆ ಎಣಿಕೆ ವೆಕ್ಟರಿಗೆ ಬರದೆ ಇರಲಾರದು. ಇರುವ ದೋಷವನ್ನು ಸರಿಯಾದ ಅಳತೆಗೋಲಿನಿಂದ ತೋರಿಸಬೇಕೆಂಬುದಷ್ಟೇ ನನ್ನ ತಕರಾರು. ಅಳತೆಗೋಲೇ ಉತ್ತರ ಹುಟ್ಟಿಸುತ್ತಿದ್ದರೆ ಆ ದೋಷದ ವಿರುದ್ಧದ ವಾದವೂ ದುರ್ಬಲವಾಗುತ್ತದೆ.

ನೆರೆತನಕ್ಕೆ ಸಂಬಂಧವಿಲ್ಲದ, ಕೇವಲ ತರಬೇತಿಯ ರೀತಿಯಿಂದ ಹುಟ್ಟುವ ಆಕಾರವೂ ಈ ಬಯಲಿನಲ್ಲಿದೆ. 2017ರಲ್ಲಿ ಡೇವಿಡ್ ಮಿಮ್ನೋ ಮತ್ತು ಲಾರೆ ಥಾಂಪ್ಸನ್ ಇದನ್ನು ಎತ್ತಿ ತೋರಿಸಿದರು. ಪದಗಳು ಬಯಲಿನ ತುಂಬ ಎಲ್ಲ ದಿಕ್ಕಿಗೂ ಹರಡಿರುತ್ತವೆ ಎಂದು ನಾವು ಊಹಿಸಿಕೊಳ್ಳುತ್ತೇವೆ. ನಿಜದಲ್ಲಿ ಪದವೆಕ್ಟರ್‌ಗಳೆಲ್ಲ ಒಂದು ಇಕ್ಕಟ್ಟಾದ ಶಂಕುವಿನೊಳಗೆ, ಹೆಚ್ಚುಕಡಿಮೆ ಒಂದೇ ಕಡೆಗೆ ಮುಖ ಮಾಡಿ ನಿಂತಿರುತ್ತವೆ. ನೆರೆವೆಕ್ಟರ್‌ಗಳು ಅದಕ್ಕೆ ವಿರುದ್ಧ ದಿಕ್ಕಿಗೆ. ಒಂದು ನಿಜಕ್ಕೆ ಐದು ಸುಳ್ಳು ಇದ್ದರೆ ಆರರಲ್ಲಿ ಐದು ಸಲ ಪದ ಮತ್ತು ನೆರೆಯನ್ನು ದೂರ ತಳ್ಳುವ ಕೆಲಸವೇ ನಡೆಯುತ್ತದೆ. ಎಲ್ಲ ಪದಗಳೂ ಅವೇ ಸಾಮಾನ್ಯ ನೆರೆಗಳಿಂದ ದೂರ ಸರಿಯುತ್ತಾ ಹೋದರೆ ಒಂದೇ ಕಡೆಗೆ ಬಂದು ಸೇರುವುದು ಸಹಜ. ಸುಳ್ಳು ಜೋಡಿಗಳ ಸಂಖ್ಯೆ ಹೆಚ್ಚಿದಂತೆ ಈ ಲಕ್ಷಣವೂ ಬಲವಾಗುತ್ತದೆ.

ಇದರ ಪರಿಣಾಮ ದಿನನಿತ್ಯದ ಬಳಕೆಯಲ್ಲಿ ತಟ್ಟುತ್ತದೆ. ಎರಡು ಪದಗಳ ನಡುವಿನ ಕೋನದ ಕೊಸೈನ್ 0.3 ಬಂದರೆ ‘ಸ್ವಲ್ಪ ಸಂಬಂಧವಿದೆ’ ಎಂದು ಹೇಳುವವರಿದ್ದಾರೆ. ಎಲ್ಲರೂ ಒಂದೇ ಶಂಕುವಿನಲ್ಲಿದ್ದರೆ ಸಂಬಂಧವೇ ಇಲ್ಲದ ಪದಗಳಿಗೂ ಧನ ಸಂಖ್ಯೆಯೇ ಬರುತ್ತದೆ. ಕಂಡುಹಿಡಿಯುವುದು ಕಷ್ಟವಲ್ಲ: ಎಲ್ಲ ಪದವೆಕ್ಟರ್‌ಗಳ ಸರಾಸರಿ ತೆಗೆದು, ಅದನ್ನು ಒಂದೊಂದು ಪದದೊಡನೆ ಗುಣಿಸಿ ನೋಡಬೇಕು. ಹೆಚ್ಚುಕಡಿಮೆ ಎಲ್ಲವೂ ಧನವಾಗಿ ಬಂದರೆ ಶಂಕು ಇದೆ ಎಂದು ಗೊತ್ತಾಗುತ್ತದೆ. ಆಗ ಯಾವುದೇ ಒಂದು ಅಂಕೆಯನ್ನು ಒಂಟಿಯಾಗಿ ಓದದೆ, ಯಾದೃಚ್ಛಿಕವಾಗಿ ಆರಿಸಿದ ಪದಜೋಡಿಗಳಿಗೆ ಎಷ್ಟು ಬರುತ್ತದೆ ಎಂಬುದರ ಪಕ್ಕದಲ್ಲಿಟ್ಟು ಓದಬೇಕು. ಹಾಗೆಯೇ 300 ಸಂಖ್ಯೆಗಳಲ್ಲಿ ಏಳನೆಯದು ಏನನ್ನು ಸೂಚಿಸುತ್ತದೆ ಎಂಬ ಪ್ರಶ್ನೆಗೂ ಉತ್ತರವಿಲ್ಲ. ಎಲ್ಲ ವೆಕ್ಟರ್‌ಗಳನ್ನೂ ಒಟ್ಟಿಗೆ ತಿರುಗಿಸಿದರೆ ಗುಣಲಬ್ಧಗಳು ಒಂದಿಷ್ಟೂ ಬದಲಾಗುವುದಿಲ್ಲ, ಆದರೆ ಏಳನೆಯ ಸಂಖ್ಯೆ ಬೇರೆಯೇ ಆಗಿಬಿಡುತ್ತದೆ.

ಕನ್ನಡದಂಥ ಭಾಷೆಗೆ ಇದನ್ನು ತಂದಾಗ ತೊಡಕು ಇನ್ನೂ ಮುಂಚೆಯೇ, ಪದವೆಂದರೆ ಯಾವುದು ಎಂಬಲ್ಲಿಯೇ ಶುರುವಾಗುತ್ತದೆ. ಖಾಲಿ ಜಾಗದಿಂದ ಖಾಲಿ ಜಾಗದವರೆಗೆ ಇರುವುದೆಲ್ಲ ಯಂತ್ರಕ್ಕೆ ಒಂದೊಂದು ಪದ. ‘ಮನೆ’, ‘ಮನೆಗೆ’, ‘ಮನೆಯಲ್ಲಿ’, ‘ಮನೆಯಿಂದ’, ‘ಮನೆಗಳಲ್ಲೂ’, ‘ಮನೆಯವರೇ’ ಇವುಗಳ ನಡುವೆ ರಕ್ತಸಂಬಂಧವಿದೆ ಎಂದು ಅದಕ್ಕೆ ಯಾವ ಸುಳಿವೂ ಇಲ್ಲ. ಮನೆಯ ಕುರಿತ ಸಾಕ್ಷ್ಯವೆಲ್ಲ ಹತ್ತಾರು ರೂಪಗಳಲ್ಲಿ ಹಂಚಿಹೋಗುತ್ತದೆ. ಐದಕ್ಕಿಂತ ಕಡಿಮೆ ಸಲ ಬಂದ ರೂಪಗಳನ್ನು ವರ್ಡ್‌ಟುವೆಕ್ ಸಾಮಾನ್ಯವಾಗಿ ಕೈಬಿಡುವುದರಿಂದ, ‘ಮನೆಯವರೊಂದಿಗೂ’ ಎಂಬಂಥ ರೂಪಗಳು ಸಣ್ಣ ಸಂಗ್ರಹಗಳಲ್ಲಿ ಗುರುತಿಲ್ಲದೆ ಹೋಗುತ್ತವೆ. ಉಳಿದವುಗಳ ನೆರೆತನವೂ ವಿಭಕ್ತಿಯ ಕಡೆ ವಾಲುತ್ತದೆ: ‘ಮನೆಗೆ’ಯ ಪಕ್ಕದಲ್ಲಿ ಬರುವ ‘ಹೋದ’, ‘ಬಂದ’, ‘ಹಿಂದಿರುಗಿ’ ಇವೇ ‘ಊರಿಗೆ’, ‘ಶಾಲೆಗೆ’ಗಳ ಪಕ್ಕದಲ್ಲೂ ಬರುವುದರಿಂದ, ಅದು ‘ಮನೆಯ’ ಎಂಬ ರೂಪಕ್ಕಿಂತ ‘ಊರಿಗೆ’ಗೆ ಹತ್ತಿರವಾಗುವ ಸಂಭವವಿದೆ.

ಮಿಕೊಲೊವ್ ಆಮೇಲೆ ಫೇಸ್‌ಬುಕ್‌ನಲ್ಲಿದ್ದಾಗ ಪಿಯೊಟ್ರ್ ಬೊಯಾನೊವ್‌ಸ್ಕಿ ಮತ್ತಿತರರ ಜೊತೆ ಮಾಡಿದ ಫಾಸ್ಟ್‌ಟೆಕ್ಸ್ಟ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ನಿಜ ಜೋಡಿ, ಸುಳ್ಳು ಜೋಡಿಗಳ ಆಟ ಅದೇ. ಪದದ ವೆಕ್ಟರನ್ನು ಮಾತ್ರ ಅದರ ಅಕ್ಷರ ತುಣುಕುಗಳ ವೆಕ್ಟರ್‌ಗಳನ್ನು ಕೂಡಿಸಿ ಕಟ್ಟುತ್ತಾರೆ. ‘ಮನೆ’ ಎಂಬ ತುಣುಕು ಎಲ್ಲ ರೂಪಗಳಲ್ಲೂ ಇರುವುದರಿಂದ ಒಂದು ರೂಪ ಕಲಿತದ್ದು ಇನ್ನೊಂದಕ್ಕೂ ತಲುಪುತ್ತದೆ. ಒಮ್ಮೆಯೂ ಕಾಣದ ರೂಪಕ್ಕೂ ವೆಕ್ಟರ್ ಸಿಗುತ್ತದೆ. 157 ಭಾಷೆಗಳಿಗೆ ಸಿದ್ಧಪಡಿಸಿ ಹಂಚಿದ ಫಾಸ್ಟ್‌ಟೆಕ್ಸ್ಟ್ ವೆಕ್ಟರ್‌ಗಳಲ್ಲಿ ಕನ್ನಡವೂ ಇದೆ. ಬಳಸುವಾಗ ಗಮನದಲ್ಲಿಡಬೇಕಾದದ್ದು, ಅದು ಎಣಿಸುವುದು ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ, ಯೂನಿಕೋಡ್ ಸಂಕೇತಗಳನ್ನು. ‘ಮನೆಗೆ’ ಬರವಣಿಗೆಯಲ್ಲಿ ಮೂರಕ್ಷರ; ಯಂತ್ರಕ್ಕೆ ಮ, ನ, ಎತ್ವ, ಗ, ಎತ್ವ ಎಂದು ಐದು. ತುಣುಕು ‘ನೆ’ ಆದ ಮೇಲೆ ಮುಗಿಯಬೇಕಾದದ್ದು ‘ನ’ದಲ್ಲೇ ಕತ್ತರಿಸಿ, ಎತ್ವವನ್ನು ಮುಂದಿನ ತುಣುಕಿಗೆ ಬಿಡಬಹುದು. ತುಣುಕಿನ ಉದ್ದವನ್ನು ಇಂಗ್ಲಿಷಿನ ಲೆಕ್ಕದಲ್ಲಿ ಮೂರು ಎಂದು ಇಟ್ಟರೆ ಕನ್ನಡದಲ್ಲಿ ಅದು ಎಷ್ಟೋ ಕಡೆ ಒಂದೂವರೆ ಅಕ್ಷರವಷ್ಟೇ ಆಗುತ್ತದೆ. ಕನ್ನಡ ಸಂಗ್ರಹದ ಮೇಲೆ ಹೊಸದಾಗಿ ತರಬೇತಿ ಕೊಡುವವರು ಈ ಉದ್ದವನ್ನು ಬದಲಿಸಿ, ಪ್ರತಿ ಸಲವೂ ‘ಮನೆಗೆ’, ‘ಏರಿಕೆ’ಯಂಥ ಇಪ್ಪತ್ತು ಮೂವತ್ತು ಪರಿಚಿತ ಪದಗಳ ನೆರೆಪಟ್ಟಿಯನ್ನು ಕಣ್ಣಾರೆ ಓದಿ ನೋಡುವುದು ಒಳ್ಳೆಯದು. ಪಟ್ಟಿ ಬರೀ ‘ಗೆ’ಯಿಂದ ಮುಗಿಯುವ ಪದಗಳಿಂದ ತುಂಬಿದ್ದರೆ ತುಣುಕು ಚಿಕ್ಕದಾಯಿತು, ‘ಮನೆ’ಯಿಂದ ಆರಂಭವಾಗುವ ರೂಪಗಳಷ್ಟೇ ಇದ್ದರೆ ಅಕ್ಷರಗಳ ಹೋಲಿಕೆಯೇ ನೆರೆಯ ಸಾಕ್ಷ್ಯವನ್ನು ನುಂಗಿಹಾಕಿದೆ ಎಂದು ತಿಳಿಯಬೇಕು.